ಪ್ಲೇನ್ ಕುರ್ತಾಗೆ ಯಾವ ದುಪಟ್ಟಾ? ಬಣ್ಣದ ಹೆಸರಿಗಿಂತ ಮೊದಲು ನೋಡಬೇಕಾದ್ದು

ಬಾಟಲ್ ಗ್ರೀನ್ ಕುರ್ತಾಗೆ ಮರೂನ್ ದುಪಟ್ಟಾ ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಬಣ್ಣಚಕ್ರದಲ್ಲಿ ಹಸಿರು, ಕೆಂಪು ಎದುರುಬದುರು ಕೂತಿರುತ್ತವೆ, ಆದ್ದರಿಂದ ಒಂದು ಇನ್ನೊಂದನ್ನು ಎತ್ತಿ ತೋರಿಸಬೇಕು ಎಂಬ ಲೆಕ್ಕ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಾಗ ಹಾಗೇ ಅನಿಸುತ್ತದೆ ಕೂಡ. ಹಾಕಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ಕನ್ನಡಿ ನೋಡಿದರೆ ಮಾತ್ರ ಕಥೆಯೇ ಬೇರೆ. ದುಪಟ್ಟಾದ ಅಂಚು ಎಲ್ಲಿದೆ, ಮಡಿಕೆ ಎಲ್ಲಿದೆ ಎಂಬುದೇ ಸರಿಯಾಗಿ ಕಾಣದೆ, ಕುತ್ತಿಗೆಯಿಂದ ಕೆಳಗೆ ಎಲ್ಲವೂ ಒಂದೇ ಕಪ್ಪನೆಯ ರಾಶಿಯಾಗಿಬಿಡುತ್ತದೆ. ಅದೇ ಕುರ್ತಾದ ಮೇಲೆ ಯಾವ ವಿಶೇಷವೂ ಇಲ್ಲದ ಕೆನೆ ಬಣ್ಣದ ಕಾಟನ್ ದುಪಟ್ಟಾ ಹಾಕಿ ನೋಡಿ. ಹೆಗಲ ಗೆರೆ ಎದ್ದು ಕಾಣುತ್ತದೆ, ಕೆಳಕ್ಕೆ ಇಳಿದ ಮಡಿಕೆ ಒಂದೊಂದೂ ಕಾಣುತ್ತದೆ, ಮಂಕಾಗಿದ್ದ ಹಸಿರು ಕೂಡ ಹಸಿರಾಗಿ ಕಾಣಿಸುತ್ತದೆ.

ಬಣ್ಣಚಕ್ರ ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಬಣ್ಣದ ಒಂದು ಗುಣದ ಬಗ್ಗೆ ಮಾತ್ರ, ಅಷ್ಟೇ. ಬಟ್ಟೆಯ ಬಣ್ಣಕ್ಕೆ ಮೂರು ಗುಣಗಳಿವೆ. ಮೊದಲನೆಯದು ಅದು ಯಾವ ಬಣ್ಣ ಎಂಬುದು: ಕೆಂಪೋ, ಹಳದಿಯೋ, ನೀಲಿಯೋ. ಎರಡನೆಯದು ಅದು ಎಷ್ಟು ತಿಳಿ, ಎಷ್ಟು ಕಡು ಎಂಬುದು. ತಿಳಿನೀಲಿ, ಕಡುನೀಲಿ ಅನ್ನುತ್ತೇವಲ್ಲ, ಆ ಅಂತರ. ಮೂರನೆಯದು ಪ್ರಖರತೆ. ರಾಣಿ ಪಿಂಕ್ ಮತ್ತು ಈರುಳ್ಳಿ ಸಿಪ್ಪೆಯ ಬಣ್ಣ, ಎರಡೂ ಗುಲಾಬಿಯೇ. ಆದರೆ ಮೊದಲನೆಯದು ಕಣ್ಣಿಗೆ ಹೊಡೆಯುತ್ತದೆ, ಎರಡನೆಯದರಲ್ಲಿ ಬೂದು ಬೆರೆತು ಮಂದವಾಗಿದೆ. ದುಪಟ್ಟಾ ಆರಿಸುವಾಗ ನಾವು ಸಾಮಾನ್ಯವಾಗಿ ಮೊದಲನೆಯ ಗುಣದ ಮೇಲೇ ಚರ್ಚೆ ಮಾಡುತ್ತೇವೆ. ಪ್ಲೇನ್ ಕುರ್ತಾ ಎದ್ದು ಕಾಣುತ್ತದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡನೆಯದು.

ಅದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ವಸ್ತುವಿನ ಅಂಚು, ಆಕಾರ, ಸಣ್ಣ ವಿವರಗಳನ್ನು ಕಣ್ಣು ಗುರುತಿಸುವುದು ಮುಖ್ಯವಾಗಿ ಬೆಳಕಿನ ಏರಿಳಿತದಿಂದ. ಬಣ್ಣದ ವ್ಯತ್ಯಾಸವನ್ನು ಅದು ಅಷ್ಟು ಸೂಕ್ಷ್ಮವಾಗಿ ಹಿಡಿಯುವುದಿಲ್ಲ. ದೊಡ್ಡ ದೊಡ್ಡ ತುಣುಕುಗಳಲ್ಲಿ ಮಾತ್ರ ಹಿಡಿಯುತ್ತದೆ. ಕಸೂತಿ ಇಲ್ಲ, ಪ್ರಿಂಟ್ ಇಲ್ಲ, ಯೋಕ್ ಇಲ್ಲ ಎಂದಾದ ಮೇಲೆ ಪ್ಲೇನ್ ಕುರ್ತಾದ ಮೇಲೆ ನೋಡುವುದಕ್ಕೆ ಉಳಿಯುವುದು ದುಪಟ್ಟಾದ ಅಂಚು ಮತ್ತು ಮಡಿಕೆಗಳ ಗೆರೆಗಳೇ. ಎರಡೂ ಬಟ್ಟೆ ಒಂದೇ ಮಟ್ಟದ ಕಡು ಆಗಿದ್ದರೆ ಆ ಗೆರೆಗಳು ಮಾಯವಾಗುತ್ತವೆ. ಹತ್ತಿರ ನಿಂತವರಿಗೆ ಎರಡು ಬಣ್ಣ ಕಂಡೀತು, ಕೋಣೆಯ ಆಚೆ ತುದಿಯಲ್ಲಿ ನಿಂತವರಿಗೆ ಕಾಣುವುದಿಲ್ಲ.

ಇದನ್ನು ಪರೀಕ್ಷಿಸಲು ಫೋನ್ ಸಾಕು. ಕುರ್ತಾವನ್ನು ಹಾಸಿಗೆಯ ಮೇಲೆ ಹರಡಿ, ದುಪಟ್ಟಾವನ್ನು ಅದರ ಅರ್ಧ ಭಾಗದ ಮೇಲೆ ಹಾಕಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಎರಡೂ ಒಂದೇ ಫೋಟೋದಲ್ಲಿ ಇರಬೇಕು. ಬೇರೆ ಬೇರೆ ತೆಗೆದರೆ ಕ್ಯಾಮೆರಾ ಪ್ರತಿ ಫೋಟೋಗೂ ಬೆಳಕನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಹೋಲಿಕೆ ಕೆಡುತ್ತದೆ. ಆಮೇಲೆ ಫೋಟೋ ಎಡಿಟ್‌ಗೆ ಹೋಗಿ ಕಪ್ಪು–ಬಿಳುಪು ಮಾಡಿ. ಬಾಟಲ್ ಗ್ರೀನ್ ಮತ್ತು ಮರೂನ್ ಈಗ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಬೆರೆತಿರುತ್ತವೆ. ಕೆನೆ ಬಣ್ಣ ಹಾಕಿದ ಫೋಟೋದಲ್ಲಿ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಸ್ಪಷ್ಟವಾಗಿರುತ್ತದೆ. ಕಪ್ಪಿನಿಂದ ಬಿಳುಪಿನವರೆಗೆ ಹತ್ತು ಮೆಟ್ಟಿಲು ಇವೆ ಎಂದುಕೊಂಡರೆ, ಕುರ್ತಾಗೂ ದುಪಟ್ಟಾಗೂ ನಡುವೆ ಮೂರು–ನಾಲ್ಕು ಮೆಟ್ಟಿಲಿನ ಅಂತರವಾದರೂ ಇರಲಿ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಇದು ಅಂದಾಜಿನ ಮಾತು, ಅಳತೆಪಟ್ಟಿ ಹಿಡಿಯುವಂಥದ್ದಲ್ಲ. ಫೋನ್ ಕೈಯಲ್ಲಿಲ್ಲದಿದ್ದರೆ ಕಣ್ಣನ್ನು ಅರ್ಧ ಮುಚ್ಚಿ, ರೆಪ್ಪೆಗಳ ಸಂದಿನಿಂದ ನೋಡಿದರೂ ನಡೆಯುತ್ತದೆ. ಬಣ್ಣಗಳು ಮಸುಕಾಗಿ ತಿಳಿ–ಕಡು ಮಾತ್ರ ಉಳಿಯುತ್ತದೆ.

ಈ ದೃಷ್ಟಿಯಲ್ಲಿ ತುಂಬಾ ಕಡು ಅಥವಾ ತುಂಬಾ ತಿಳಿ ಕುರ್ತಾ ಇರುವವರಿಗೆ ಕೆಲಸ ಸುಲಭ. ಕಡುನೀಲಿ ಕುರ್ತಾಗೆ ಸಾಸಿವೆ ಹಳದಿ, ಪೀಚ್, ತಿಳಿ ಬೂದು, ಗಂಧದ ಬಣ್ಣ, ಏನು ಹಾಕಿದರೂ ಅಂತರ ತಾನಾಗಿಯೇ ಸಿಗುತ್ತದೆ. ಹಾಲುಬಿಳುಪಿನ ಕುರ್ತಾಗೆ ಕಡು ಬಣ್ಣ ಯಾವುದಾದರೂ ಸರಿ. ಕಷ್ಟ ಇರುವುದು ನಡುಮಟ್ಟದ, ಮಂದ ಬಣ್ಣದ ಕುರ್ತಾಗಳಲ್ಲಿ: ಮೆಹಂದಿ ಹಸಿರು, ಬೂದು ಬೆರೆತ ನೀಲಿ, ಇಟ್ಟಿಗೆ ಬಣ್ಣ, ಕಾಫಿಗೆ ಹಾಲು ಹೆಚ್ಚಾದ ಕಂದು. ಮೇಲಕ್ಕೂ ಹೆಚ್ಚು ಜಾಗ ಇಲ್ಲ, ಕೆಳಕ್ಕೂ ಹೆಚ್ಚು ಜಾಗ ಇಲ್ಲ. ಬೀರುವಿನಲ್ಲಿ ಹಾಗೇ ಮಡಿಚಿಟ್ಟಿರುವ ಪ್ಲೇನ್ ಕುರ್ತಾಗಳಲ್ಲಿ ಬಹುಪಾಲು ಈ ಗುಂಪಿನವೇ ಆಗಿರುತ್ತವೆ ಎಂದು ನನ್ನ ಗುಮಾನಿ. ಹಾಗಾಗಿ ಅವುಗಳಲ್ಲಿ ಒಂದನ್ನು ತೆಗೆದುಕೊಂಡು ಪೂರ್ತಿ ನೋಡೋಣ.

ಮೆಹಂದಿ ಹಸಿರಿನ ಕಾಟನ್ ಕುರ್ತಾ, ಮೊಣಕಾಲಿನವರೆಗೆ ಉದ್ದ, ಮೊಣಕೈ ತನಕ ತೋಳು, ಎಲ್ಲೂ ಒಂದು ಹೂವಿಲ್ಲ. ಕೆಳಗೆ ಕೆನೆ ಬಣ್ಣದ ಪ್ಯಾಂಟ್. ಇದಕ್ಕೆ ಆರು ದುಪಟ್ಟಾಗಳನ್ನು ಹಾಕಿ ನೋಡುವುದು ಎಂದಿಟ್ಟುಕೊಳ್ಳಿ.

ಮೊದಲು ಸಾಸಿವೆ ಹಳದಿ. ಹೆಸರಿಗೆ ಚೆನ್ನಾಗಿದೆ, ಎರಡೂ ಒಂದೇ ಮನೆತನದ ಬಣ್ಣ, ಮೆಹಂದಿ ಹಸಿರಿನಲ್ಲಿ ಹಳದಿ ಸಾಕಷ್ಟು ಇದೆ. ತೊಂದರೆ ಬರುವುದೂ ಅಲ್ಲೇ. ಬಣ್ಣ ಹತ್ತಿರ, ತಿಳಿ–ಕಡುವಿನಲ್ಲೂ ಒಂದೆರಡೇ ಮೆಟ್ಟಿಲು ಅಂತರ, ಎರಡೂ ಮಂದ. ಮೂರು ಗುಣಗಳಲ್ಲಿ ಒಂದಾದರೂ ಚೆನ್ನಾಗಿ ದೂರ ಹೋಗದಿದ್ದರೆ ಜೋಡಿ ಸಪ್ಪೆಯಾಗುತ್ತದೆ. ಯಾರೂ ಕೆಟ್ಟದಾಗಿದೆ ಅನ್ನುವುದಿಲ್ಲ, ಯಾರ ಗಮನಕ್ಕೂ ಬರುವುದೂ ಇಲ್ಲ.

ಎರಡನೆಯದು ಗಿಳಿ ಹಸಿರು. ಒಂದೇ ಬಣ್ಣದ ತಿಳಿ ಛಾಯೆ ಹಾಕಿದರೆ ಸಾಕು ಎಂಬ ಸಲಹೆ ಬಹಳ ಕಡೆ ಸಿಗುತ್ತದೆ, ಕಡುನೀಲಿ ಮೇಲೆ ತಿಳಿನೀಲಿಯಂಥ ಜೋಡಿಗೆ ಅದು ಸರಿ ಕೂಡ. ಇಲ್ಲಿ ಮಾತ್ರ ಅದು ಕುರ್ತಾವನ್ನೇ ಕೊಲ್ಲುತ್ತದೆ. ಪ್ರಖರವಾದ ಗಿಳಿ ಹಸಿರಿನ ಪಕ್ಕ ಮೆಹಂದಿ ಹಸಿರು ಹಸಿರಾಗಿಯೇ ಕಾಣುವುದಿಲ್ಲ, ತೊಳೆದು ತೊಳೆದು ಹೊಳಪು ಹೋದ ಕಂದು ಬಟ್ಟೆಯಂತೆ ಕಾಣುತ್ತದೆ. ಬಟ್ಟೆ ಹೊಸದೇ ಇರಬಹುದು.

ಇದು ಯಾಕೆ ಹೀಗಾಗುತ್ತದೆ ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದವನು ಬಟ್ಟೆಯ ಲೋಕದಲ್ಲೇ ಇದ್ದ ಒಬ್ಬ ರಸಾಯನಶಾಸ್ತ್ರಜ್ಞ. ಮಿಶೆಲ್ ಯೂಜೀನ್ ಶೆವ್ರೋಲ್ 1824ರಲ್ಲಿ ಪ್ಯಾರಿಸ್‌ನ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಅಲ್ಲಿ ನೇಯುವವರಿಂದ ಒಂದು ದೂರು ಇತ್ತು: ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಕೂತಿಲ್ಲ, ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳು ನೇಯಲು ಬಳಸಿದಾಗ ಕಪ್ಪು ಪೇಲವವಾಗಿ ಕಾಣುತ್ತದೆ ಎಂದು. ಶೆವ್ರೋಲ್ ಆ ನೂಲನ್ನು ಬೇರೆ ಕಡೆಯ ಕಪ್ಪು ನೂಲುಗಳ ಜೊತೆ ಹೋಲಿಸಿ ನೋಡಿದ. ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆಗಳು ಆ ಕಪ್ಪನ್ನು ಹಾಗೆ ಕಾಣುವಂತೆ ಮಾಡುತ್ತಿದ್ದವು. ಎರಡು ಬಣ್ಣ ಅಕ್ಕಪಕ್ಕ ಬಂದಾಗ ಕಣ್ಣು ಅವುಗಳ ನಡುವಿನ ವ್ಯತ್ಯಾಸವನ್ನು ಇದ್ದದ್ದಕ್ಕಿಂತ ಹಿಗ್ಗಿಸಿ ತೋರಿಸುತ್ತದೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ.

ನಮ್ಮ ಲೆಕ್ಕಕ್ಕೆ ಇದರ ಅರ್ಥ ಇಷ್ಟು. ದುಪಟ್ಟಾ ತನ್ನ ಬಣ್ಣವನ್ನು ತೋರಿಸಿ ಸುಮ್ಮನಾಗುವುದಿಲ್ಲ, ಕುರ್ತಾದ ಬಣ್ಣವನ್ನೂ ತನ್ನಿಂದ ದೂರಕ್ಕೆ ತಳ್ಳುತ್ತದೆ. ತಾನು ಪ್ರಖರವಾಗಿದ್ದರೆ ಮಂದ ಕುರ್ತಾವನ್ನು ಇನ್ನೂ ಮಂದ ಮಾಡುತ್ತದೆ. ತಾನು ತಿಳಿಯಾಗಿದ್ದರೆ ಕುರ್ತಾವನ್ನು ಇನ್ನೂ ಕಡು ಮಾಡುತ್ತದೆ. ತಾನು ಕೆಂಪು ಕಡೆಗಿದ್ದರೆ ಕುರ್ತಾವನ್ನು ಹಸಿರು ಕಡೆಗೆ ನೂಕುತ್ತದೆ. ಬೂದು ಬಣ್ಣದ ಕುರ್ತಾ ಗುಲಾಬಿ ದುಪಟ್ಟಾದ ಜೊತೆ ತುಸು ಹಸಿರು ಛಾಯೆಯದಾಗಿ ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ ಮಂದ ಬಣ್ಣದ ಕುರ್ತಾವನ್ನು ಎತ್ತಬೇಕಾದರೆ ಅದೇ ಬಣ್ಣದ ಪ್ರಖರ ರೂಪವನ್ನು ಮಾತ್ರ ಅದರ ಪಕ್ಕಕ್ಕೆ ತರಬಾರದು.

ಮೂರನೆಯದು ತುಕ್ಕು ಬಣ್ಣ. ಕೆಂಪು–ಕಿತ್ತಳೆ ಕಡೆಗೆ ವಾಲಿದ, ಮಂದವಾದ ಬಣ್ಣ. ಈಗ ಮೇಲಿನ ನಿಯಮ ನಮ್ಮ ಪರವಾಗಿ ಕೆಲಸ ಮಾಡುತ್ತದೆ: ಮೆಹಂದಿ ಹಸಿರಿನಲ್ಲಿ ಅಡಗಿದ್ದ ಹಸಿರು ಮೇಲೆ ಬರುತ್ತದೆ. ಹತ್ತಿರದಿಂದ ನೋಡಿದರೆ ಆರರಲ್ಲಿ ಇದೇ ಚೆಂದ ಎನಿಸಬಹುದು. ಆದರೆ ಕಪ್ಪು–ಬಿಳುಪು ಫೋಟೋದಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತವೆ, ದೂರಕ್ಕೆ ಮಡಿಕೆ ಕಾಣುವುದಿಲ್ಲ. ಇದನ್ನು ಉಳಿಸಿಕೊಳ್ಳುವ ದಾರಿ ಇದೆ. ತುಕ್ಕು ಬಣ್ಣದ ದುಪಟ್ಟಾಗೆ ಎರಡು ಬೆರಳು ಅಗಲದ ಕೆನೆ ಅಂಚು ಇದ್ದರೆ, ಆ ಅಂಚೇ ಕಳೆದುಹೋದ ಗೆರೆಯನ್ನು ತಂದುಕೊಡುತ್ತದೆ. ಅಂಚು ಇಲ್ಲದಿದ್ದರೆ ಲೇಸ್ ಹಚ್ಚಿಸಬಹುದು, ಹೊಲಿಗೆಯವರಿಗೆ ಅದು ಚಿಕ್ಕ ಕೆಲಸ.

ನಾಲ್ಕನೆಯದು ರಾಣಿ ಪಿಂಕ್. ಇದು ಎದ್ದು ಕಾಣುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಎದ್ದು ಕಾಣುವುದು ದುಪಟ್ಟಾ, ಉಡುಪಲ್ಲ. ಪೂರ್ತಿ ಎರಡೂವರೆ ಮೀಟರ್ ರಾಣಿ ಪಿಂಕ್ ಮೈಮೇಲೆ ಬಂದಾಗ ಮೆಹಂದಿ ಹಸಿರು ಹಿನ್ನೆಲೆಗೆ ಸರಿದು ಮಣ್ಣಿನ ಬಣ್ಣವಾಗುತ್ತದೆ. ಇಂಥ ಪ್ರಖರ ಬಣ್ಣಗಳನ್ನು ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ, ಅವುಗಳ ಪ್ರಮಾಣ ಕಡಿಮೆ ಮಾಡಿ. ಕೆನೆ ದುಪಟ್ಟಾದ ತುದಿಗೆ ರಾಣಿ ಪಿಂಕ್ ಕುಚ್ಚು, ಅಥವಾ ನೆಲ ತಿಳಿ ಬಣ್ಣದ್ದಾಗಿ ಮೇಲೆ ಅಲ್ಲಲ್ಲಿ ರಾಣಿ ಪಿಂಕ್ ಹೂವು ಇರುವ ದುಪಟ್ಟಾ ಆದರೆ ಅದೇ ಬಣ್ಣ ಖುಷಿ ಕೊಡುತ್ತದೆ. ಫುಲ್ಕಾರಿಯಲ್ಲಿ ಇನ್ನೊಂದು ಬಗೆಯ ಅನುಕೂಲವಿದೆ. ಅಲ್ಲಿ ರೇಷ್ಮೆಯಂಥ ಹೊಳೆಯುವ ನೂಲಿನಲ್ಲಿ ಹೊಲಿಗೆಯ ದಿಕ್ಕು ಬದಲಾದಂತೆ ಬೆಳಕೂ ಬದಲಾಗುತ್ತದೆ. ಪ್ರಖರ ಬಣ್ಣ ಒಂದೇ ಸಮತಟ್ಟಾದ ಹಾಳೆಯಾಗದೆ ಒಡೆದುಕೊಳ್ಳುತ್ತದೆ, ಹಾಗಾಗಿ ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ.

ಐದನೆಯದು ಕಡುನೀಲಿ, ಇಂಡಿಗೋ ಹತ್ತಿರದ್ದು. ತಿಳಿ–ಕಡುವಿನಲ್ಲಿ ನಾಲ್ಕು ಮೆಟ್ಟಿಲು ಕೆಳಗೆ ಇಳಿಯುತ್ತದೆ, ಬಣ್ಣವೂ ಬೇರೆ, ಎರಡೂ ಮಂದ. ಇದು ಗಂಭೀರವಾದ, ಒಳ್ಳೆಯ ಜೋಡಿ. ಕಚೇರಿಗೆ ನಾನಾದರೆ ಇದನ್ನೇ ಹಾಕುತ್ತೇನೆ. ಒಂದೇ ಎಚ್ಚರ, ಕಡು ಬಣ್ಣ ಮುಖದ ಹತ್ತಿರ ಬಂದಾಗ ಗದ್ದದ ಕೆಳಗಿನ ನೆರಳು ಹೆಚ್ಚಾಗುತ್ತದೆ. ತಿಳಿ ಬಟ್ಟೆ ಕೆಳಗಿನಿಂದ ಬೆಳಕನ್ನು ಮೇಲಕ್ಕೆ ಚೆಲ್ಲಿ ಆ ನೆರಳನ್ನು ತುಂಬುತ್ತದೆ, ಫೋಟೋ ತೆಗೆಯುವವರು ಬಿಳಿ ಹಲಗೆ ಹಿಡಿದು ಮಾಡುವ ಕೆಲಸ ಅದೇ. ಕಡು ಬಟ್ಟೆ ಆ ಬೆಳಕನ್ನು ನುಂಗಿಬಿಡುತ್ತದೆ. ಅದು ಬೇಡವೆನಿಸಿದರೆ ಕುತ್ತಿಗೆಗೆ ಸುತ್ತಿಕೊಳ್ಳದೆ ಒಂದೇ ಹೆಗಲಿನ ಮೇಲೆ ಇಳಿಬಿಟ್ಟರೆ ಆಯಿತು.

ಆರನೆಯದು ಕೆನೆ ನೆಲದ ಮೇಲೆ ತುಕ್ಕು ಬಣ್ಣದ ಬ್ಲಾಕ್ ಪ್ರಿಂಟ್, ನಡುನಡುವೆ ಸಣ್ಣ ಸಣ್ಣ ಹಸಿರು ಎಲೆ. ಈ ಕುರ್ತಾಗೆ ನಾನು ಕಣ್ಣುಮುಚ್ಚಿ ಆರಿಸುವುದು ಇದನ್ನೇ. ಕೆನೆ ನೆಲ ತಿಳಿ–ಕಡುವಿನ ಅಂತರ ಕೊಡುತ್ತದೆ. ತುಕ್ಕು ಬಣ್ಣ ಕುರ್ತಾದ ಹಸಿರನ್ನು ಎತ್ತುತ್ತದೆ. ಸಣ್ಣ ಹಸಿರು ಎಲೆಗಳು ಕುರ್ತಾಗೂ ದುಪಟ್ಟಾಗೂ ಕೊಂಡಿಯಾಗುತ್ತವೆ. ಕುರ್ತಾದ ಬಣ್ಣ ದುಪಟ್ಟಾದಲ್ಲಿ ಎಲ್ಲೋ ಸ್ವಲ್ಪ ಇದ್ದರೆ ಎರಡೂ ಒಟ್ಟಿಗೇ ಕೊಂಡದ್ದು ಅನಿಸುತ್ತದೆ, ಅದು ಅಚ್ಚುಕಟ್ಟಾಗಿ ಅದೇ ಹಸಿರು ಆಗಿರಬೇಕೆಂದೂ ಇಲ್ಲ. ಪ್ಯಾಂಟ್ ಕೂಡ ಕೆನೆಯೇ ಆದ್ದರಿಂದ ಮೇಲಿನ ತಿಳಿ ಬಣ್ಣಕ್ಕೆ ಕೆಳಗೂ ಒಂದು ಜೊತೆ ಸಿಕ್ಕಿತು. ಪ್ಯಾಂಟ್ ಅಥವಾ ಲೆಗ್ಗಿಂಗ್ಸ್‌ಗೆ ಮೂರನೆಯ ಹೊಸ ಬಣ್ಣ ತರದೆ ಕುರ್ತಾದ್ದೋ ದುಪಟ್ಟಾದ್ದೋ ಬಣ್ಣವನ್ನೇ ಕೊಟ್ಟರೆ ಸಾಕು, ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಿಂಟ್ ಇರುವ ದುಪಟ್ಟಾಗಳ ಬಗ್ಗೆ ಒಂದು ಮಾತು. ಪ್ರಿಂಟ್ ಎಷ್ಟು ಸಣ್ಣದೋ ಅಷ್ಟು ಬೇಗ ದೂರದಲ್ಲಿ ಕರಗುತ್ತದೆ. ಕೆಂಪು ನೆಲದ ಮೇಲೆ ಒತ್ತೊತ್ತಾಗಿ ಬಿಳಿ ಚುಕ್ಕೆ ಇರುವ ಬಾಂಧನಿಯನ್ನು ಸ್ವಲ್ಪ ದೂರದಿಂದ ನೋಡಿದರೆ ಕೆಂಪೂ ಕಾಣುವುದಿಲ್ಲ, ಬಿಳಿಯೂ ಕಾಣುವುದಿಲ್ಲ, ಎರಡೂ ಸೇರಿ ತಿಳಿಗೆಂಪು ಕಾಣುತ್ತದೆ. ಹಾಗಾಗಿ ಇಂಥ ದುಪಟ್ಟಾವನ್ನು ಕುರ್ತಾಗೆ ಹೊಂದಿಸುವಾಗ ನೆಲದ ಬಣ್ಣವನ್ನು ಹತ್ತಿರದಿಂದ ನೋಡಿ ತೀರ್ಮಾನಿಸಬಾರದು. ಎದುರಿನ ಗೋಡೆಗೆ ತೂಗುಹಾಕಿ, ಕೋಣೆಯ ಈ ತುದಿಯಿಂದ ಯಾವ ಬಣ್ಣ ಕಾಣುತ್ತದೋ ಅದನ್ನೇ ಅದರ ಬಣ್ಣ ಎಂದು ತಿಳಿದು ಲೆಕ್ಕ ಹಾಕಬೇಕು. ಕಲಂಕಾರಿಯಂಥ ದೊಡ್ಡ ಚಿತ್ತಾರದಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಬಣ್ಣಗಳು ದೂರಕ್ಕೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಇಷ್ಟು ಹೊತ್ತು ದುಪಟ್ಟಾ ದಪ್ಪ ಬಟ್ಟೆಯದು, ಅದರ ಬಣ್ಣ ಅದರದ್ದೇ ಎಂದು ಮಾತಾಡಿದ್ದಾಯಿತು. ಶಿಫಾನ್, ಜಾರ್ಜೆಟ್, ನೆಟ್, ತೆಳು ಮಲ್ ಕಾಟನ್ ಬಂದಾಗ ಲೆಕ್ಕ ತಿರುಗುತ್ತದೆ. ಅಂಗಡಿಯಲ್ಲಿ ಬೋರ್ಡ್‌ಗೆ ಸುತ್ತಿಟ್ಟ, ಹತ್ತು ಮಡಿಕೆಯ ಶಿಫಾನ್ ದುಪಟ್ಟಾದಲ್ಲಿ ನೋಡಿದ ಗುಲಾಬಿ ಮನೆಗೆ ಬಂದು ಹಾಕಿಕೊಂಡಾಗ ಕಾಣೆಯಾಗುವುದು ಅದಕ್ಕೇ. ಒಂದು ಪದರದ ಶಿಫಾನ್ ಬಣ್ಣದ ಗಾಜಿನಂತೆ ವರ್ತಿಸುತ್ತದೆ. ಬೆಳಕು ಅದರ ಮೂಲಕ ಒಳಗೆ ಹೋಗಿ, ಕುರ್ತಾಗೆ ಬಡಿದು, ಮತ್ತೆ ಅದರ ಮೂಲಕವೇ ಹೊರಗೆ ಬರುತ್ತದೆ. ಗುಲಾಬಿ ಬಣ್ಣ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹಸಿರು ಕುರ್ತಾ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎರಡೂ ಸೇರಿದ ಕಡೆ ಕಣ್ಣಿಗೆ ತಲುಪಲು ಹೆಚ್ಚೇನೂ ಉಳಿಯುವುದಿಲ್ಲ, ಒಂದು ಬಗೆಯ ಕೊಳೆ ಕಂದು ಕಾಣುತ್ತದೆ. ಹೆಗಲ ಮೇಲೆ ನಾಲ್ಕೈದು ಪದರ ಸೇರಿದ ಕಡೆ ಮಾತ್ರ ಅದರ ನಿಜವಾದ ಗುಲಾಬಿ.

ಎದುರು ಬಣ್ಣದ ಜೋಡಿಗಳಿಗೆ ತೆಳು ಬಟ್ಟೆ ಹೊಂದುವುದಿಲ್ಲ ಎಂಬುದು ಇದರಿಂದ ಹೊರಡುವ ನೇರ ಮಾತು. ಕೆಂಪು–ಹಸಿರು, ನೇರಳೆ–ಹಳದಿ, ಕಿತ್ತಳೆ–ನೀಲಿ ಬೇಕೆಂದಿದ್ದರೆ ದುಪಟ್ಟಾ ಒತ್ತು ನೇಯ್ಗೆಯ ಕಾಟನ್ನೋ ರೇಷ್ಮೆಯೋ ಆಗಿರಲಿ. ಶಿಫಾನ್ ಇಷ್ಟವಿದ್ದರೆ ಕುರ್ತಾದ ಬಣ್ಣದ ನೆರೆಹೊರೆಯ ಬಣ್ಣ ಆರಿಸಿ. ನೀಲಿ ಕುರ್ತಾದ ಮೇಲೆ ನೇರಳೆ ಶಿಫಾನ್ ಹಾಕಿದರೆ ಪದರ ಒಂದಾದ ಕಡೆ ನೀಲಿ ಛಾಯೆ, ಮಡಿಕೆ ಬಿದ್ದ ಕಡೆ ನೇರಳೆ, ನಡುವೆ ಇವೆರಡರ ಎಲ್ಲ ಹಂತಗಳೂ ಸಿಗುತ್ತವೆ. ಒಂದೇ ಬಣ್ಣ ಹಾಕಿದ ಬಟ್ಟೆಯಿಂದ ಇಷ್ಟು ಛಾಯೆ ಪುಕ್ಕಟೆಯಾಗಿ ಬರುತ್ತದೆ. ಬಿಳಿ ಶಿಫಾನ್‌ನಿಂದ ಕಡು ಕುರ್ತಾದ ಮೇಲೆ ಬಿಳಿಯನ್ನು ನಿರೀಕ್ಷಿಸಬೇಡಿ, ಕಡುನೀಲಿಯ ಮೇಲೆ ಅದು ನೀಲಿ ಬೂದಾಗಿ ಕಾಣುತ್ತದೆ. ಅದೂ ಚೆಂದವೇ, ಆದರೆ ಗೊತ್ತಿದ್ದು ಕೊಂಡರೆ ಒಳ್ಳೆಯದು. ಪರೀಕ್ಷೆ ಸುಲಭ: ದುಪಟ್ಟಾವನ್ನು ಪೂರ್ತಿ ಬಿಚ್ಚಿ ಒಂದೇ ಪದರವನ್ನು ಕುರ್ತಾದ ಮೇಲೆ ಹಾಸಿ ನೋಡುವುದು, ಆಮೇಲೆ ಅದನ್ನೇ ನಾಲ್ಕು ಮಡಿಸಿ ನೋಡುವುದು. ಎರಡೂ ಇಷ್ಟವಾದರೆ ಮಾತ್ರ ತೆಗೆದುಕೊಳ್ಳುವುದು.

ಇನ್ನು ಬಿಳಿ. ಯಾವುದಕ್ಕಾದರೂ ಹೊಂದುತ್ತದೆ ಎಂದು ಜನ ಕೊಳ್ಳುವ ಬಣ್ಣ ಇದು, ನೋಡಿದರೆ ಹೊಂದಿಸಲು ಇದರಷ್ಟು ಕಿರಿಕಿರಿಯ ಬಣ್ಣ ಇನ್ನೊಂದಿಲ್ಲ. ಈಗಿನ ಅಪ್ಪಟ ಬಿಳಿ ಬಟ್ಟೆಗಳಲ್ಲಿ ಬಹಳಷ್ಟಕ್ಕೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಹಾಕುತ್ತದೆ. ಬಟ್ಟೆ ಬೆಳ್ಳಗೆ ಮಿಂಚುವುದು ಆ ನೀಲಿಯಿಂದ. ಕೆನೆ ಬಣ್ಣದ ಅಥವಾ ಬಣ್ಣ ಹಾಕದ ಹತ್ತಿಯ ದುಪಟ್ಟಾದಲ್ಲಿ ಈ ರಾಸಾಯನಿಕ ಸಾಮಾನ್ಯವಾಗಿ ಇರುವುದಿಲ್ಲ. ಮಿಂಚುವ ಬಿಳಿ ಕುರ್ತಾದ ಮೇಲೆ ಅದನ್ನು ಹಾಕಿದರೆ ಕೆನೆಯ ಹಾಗೆ ಕಾಣದೆ ಹಳದಿಗಟ್ಟಿದ ಹಳೆಯ ಬಿಳಿಯ ಹಾಗೆ ಕಾಣುತ್ತದೆ. ಮನೆಯ ಎಲ್‌ಇಡಿ ದೀಪದಲ್ಲಿ ಇದು ಗೊತ್ತಾಗದೆ ಹೋಗಬಹುದು, ಆ ಬೆಳಕಿನಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿಗೆ ಕಾಲಿಟ್ಟ ಕೂಡಲೇ ಎರಡು ಬಿಳಿಗಳ ಜಗಳ ಬಯಲಾಗುತ್ತದೆ. ಬಿಳಿ ಕುರ್ತಾದ ಮೇಲೆ ತಿಳಿ ಬಣ್ಣವೇ ಬೇಕಿದ್ದರೆ ಅದು ಬಿಳಿಗೆ ಹತ್ತಿರದ ಬಣ್ಣ ಆಗದಿರಲಿ. ಪೀಚ್, ತಿಳಿನೀಲಿ, ಪುದೀನ ಹಸಿರು, ಹೀಗೆ ಇದು ಬೇರೆಯೇ ಬಣ್ಣ ಎಂದು ನೋಡಿದ ತಕ್ಷಣ ತಿಳಿಯುವಂತಿರಲಿ.

ಅಚ್ಚು ಮ್ಯಾಚಿಂಗ್ ಹುಡುಕುವವರಿಗೂ ಇದೇ ಕಷ್ಟ. ಕಾಟನ್ ಕುರ್ತಾದ ಮರೂನ್ ಬೇರೆ, ಪಾಲಿಯೆಸ್ಟರ್ ಶಿಫಾನ್‌ನ ಮರೂನ್ ಬೇರೆ. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರ್‌ಗೆ ಹಿಡಿಯುವುದಿಲ್ಲ, ಎರಡಕ್ಕೂ ಬೇರೆ ಬೇರೆ ರಾಸಾಯನಿಕ ಬಣ್ಣಗಳನ್ನೇ ಬಳಸುತ್ತಾರೆ. ಅಂಗಡಿಯ ದೀಪದ ಕೆಳಗೆ ಎರಡೂ ಒಂದೇ ಆಗಿ ಕಂಡು, "ಮೇಡಂ, ಪರ್ಫೆಕ್ಟ್ ಮ್ಯಾಚಿಂಗ್ ನೋಡಿ" ಎಂದು ಅಂಗಡಿಯವರು ಹೇಳುವುದು ಆ ಕ್ಷಣಕ್ಕೆ ನಿಜವೇ ಆಗಿರಬಹುದು. ಹೊರಗಿನ ಬೆಳಕಿನಲ್ಲಿ ಒಂದು ನೇರಳೆ ಕಡೆಗೆ, ಇನ್ನೊಂದು ಕಂದು ಕಡೆಗೆ ಸರಿದಿರುತ್ತದೆ. ಕಪ್ಪಿನ ಮೇಲೆ ಕಪ್ಪು ಹಾಕಿದಾಗಲೂ ಹೀಗೇ, ಒಂದು ನೀಲಿಗಪ್ಪು, ಒಂದು ಕೆಂಗಪ್ಪು. ಸ್ವಲ್ಪವೇ ಬೇರೆಯಾದ ಎರಡು ಬಣ್ಣ ತಪ್ಪಿದ ಹಾಗೆ ಕಾಣುತ್ತವೆ, ಸ್ಪಷ್ಟವಾಗಿ ಬೇರೆಯಾದ ಎರಡು ಬಣ್ಣ ಬೇಕೆಂದೇ ಆರಿಸಿದ ಹಾಗೆ ಕಾಣುತ್ತವೆ. ಕುರ್ತಾದ ಬಣ್ಣದ್ದೇ ದುಪಟ್ಟಾ ಬೇಕು ಎಂಬ ಹಟವಿದ್ದರೆ ನೇಯ್ಗೆಯಲ್ಲಿ ವ್ಯತ್ಯಾಸ ತನ್ನಿ. ಮ್ಯಾಟ್ ಕಾಟನ್ ಕುರ್ತಾಗೆ ಹೊಳೆಯುವ ರೇಷ್ಮೆ ಅಥವಾ ಚಂದೇರಿ ದುಪಟ್ಟಾ ಹಾಕಿದರೆ ಬಣ್ಣ ತುಸು ಬೇರೆಯಾದರೂ ಕಣ್ಣು ಅದನ್ನು ಹೊಳಪಿನ ಲೆಕ್ಕಕ್ಕೆ ಹಾಕುತ್ತದೆ.

ಜರಿ ಅಂಚಿನ ದುಪಟ್ಟಾಗಳಲ್ಲಿ ಜರಿಯೂ ಒಂದು ಬಣ್ಣವೇ ಎಂಬುದನ್ನು ಮರೆಯುತ್ತೇವೆ. ಬಂಗಾರದ ಜರಿ ಹಳದಿಯಂತೆ ವರ್ತಿಸುತ್ತದೆ, ಕಡುನೀಲಿ, ಬದನೆ ಬಣ್ಣ, ಬಾಟಲ್ ಗ್ರೀನ್ ಮೇಲೆ ಅದು ಉರಿಯುತ್ತದೆ, ಸಾಸಿವೆ ಬಣ್ಣದ ಮೇಲೆ ಕರಗುತ್ತದೆ. ಬೆಳ್ಳಿ ಜರಿ ತಿಳಿ ಬೂದಿನಂತೆ, ನೀಲಿ, ಗುಲಾಬಿ, ಬೂದು ಕುರ್ತಾಗಳಿಗೆ ಹೊಂದುತ್ತದೆ.

ಕೊನೆಗೆ, ಜೋಡಿ ಎಷ್ಟೇ ಚೆನ್ನಾಗಿರಲಿ, ಒಂದು ಸಲಕ್ಕೇ ಮುಗಿದುಹೋಗುವ ಅಪಾಯವೂ ಇದೆ. ನಾನು ಇಷ್ಟು ಹೊಗಳಿದ ತಿಳಿ–ಕಡು ಅಂತರದ ಜೋಡಿಗಳಲ್ಲೇ ಅದು ಹೆಚ್ಚು: ಕೆನೆ ಕುರ್ತಾ, ಅದರ ಮೇಲೆ ಕಡುಗೆಂಪು ಬಾಂಧನಿ ಅಥವಾ ಇಂಡಿಗೋ ದುಪಟ್ಟಾ. ಕಡು ಬಣ್ಣದ ಬಟ್ಟೆಯಲ್ಲಿ ನೂಲಿಗೆ ಅಂಟದೆ ಉಳಿದ ಬಣ್ಣ ಇರುತ್ತದೆ. ಹೆಗಲು, ಕಂಕುಳು, ಕತ್ತಿನ ಹಿಂಭಾಗ, ಬ್ಯಾಗಿನ ಪಟ್ಟಿ ಉಜ್ಜುವ ಜಾಗ, ಇಲ್ಲೆಲ್ಲ ಬೆವರಿನ ತೇವ ಮತ್ತು ಉಜ್ಜಾಟ ಸೇರಿ ಆ ಬಣ್ಣ ಕುರ್ತಾಗೆ ಇಳಿಯುತ್ತದೆ. ಇಂಡಿಗೋ ಒಣಗಿದ್ದಾಗಲೇ ಉಜ್ಜಿದರೂ ಬಿಡುವ ಬಣ್ಣ, ಅದು ನೂಲಿನ ಮೇಲ್ಮೈಯಲ್ಲೇ ಹೆಚ್ಚಾಗಿ ಕೂತಿರುತ್ತದೆ. ಹಾಕಿಕೊಳ್ಳುವ ಮುನ್ನ ಹಳೆಯ ಬಿಳಿ ಕಾಟನ್ ತುಂಡೊಂದನ್ನು ಒದ್ದೆ ಮಾಡಿ ಹಿಂಡಿ, ದುಪಟ್ಟಾದ ಮೂಲೆಯ ಮೇಲೆ ಹತ್ತು ಸಲ ಒತ್ತಿ ಉಜ್ಜಿ. ತುಂಡಿಗೆ ಬಣ್ಣ ಹತ್ತಿದರೆ ಆ ದುಪಟ್ಟಾವನ್ನು ತಣ್ಣೀರಿನಲ್ಲಿ ಬೇರೆಯಾಗಿ, ನೀರು ತಿಳಿಯಾಗುವ ತನಕ ಎರಡು ಮೂರು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಅದೇ ಪರೀಕ್ಷೆ ಮಾಡಿ. ಆಗಲೂ ಬಿಡುತ್ತಿದ್ದರೆ ತಿಳಿ ಕುರ್ತಾದ ಮೇಲೆ ಅದನ್ನು ಹಾಕಬೇಡಿ. ಕಡು ಕುರ್ತಾದ ಮೇಲೆ ಹಾಕುವುದಾದರೆ ಈಗಾಗಲೇ ಹೇಳಿದ ಉಪಾಯ ಇದ್ದೇ ಇದೆ: ಅಂಚಿಗೆ ಕೆನೆ ಬಣ್ಣದ ಲೇಸ್ ಹಚ್ಚಿಸಿ. ಆದರೆ ದುಪಟ್ಟಾ ಬಣ್ಣ ಬಿಡುವುದು ಪೂರ್ತಿ ನಿಂತ ಮೇಲೆ, ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಲೇಸ್ ಗುಲಾಬಿಯಾಗಿ ಬರುತ್ತದೆ.